ಬ್ಲೌಸಿನ ಬೆನ್ನು, ಭುಜದ ಲೆಕ್ಕ

ಮದುವೆ ಸೀಸನ್ನಿನಲ್ಲಿ ಯಾವ ಊರಿನ ಟೈಲರ್ ಅಂಗಡಿಗೆ ಹೋದರೂ ಇದೇ ನೋಟ. ಕೌಂಟರಿನ ಮೇಲೆ ಸೀರೆಯ ಕವರು, ಅದರ ಮೇಲೆ ಮೊಬೈಲು, ಮೊಬೈಲಿನಲ್ಲಿ ಯಾರದೋ ಬೆನ್ನು. "ಸೇಮ್ ಇದೇ ಥರ ಬೇಕು ಅಕ್ಕಾ." ಆ ಚಿತ್ರದ ಹುಡುಗಿ ಕೈ ಇಳಿಬಿಟ್ಟು ನೆಟ್ಟಗೆ ನಿಂತಿರುತ್ತಾಳೆ. ಕೂದಲನ್ನು ಮುಂದಕ್ಕೆ ಎಳೆದುಕೊಂಡು ಸೆರಗನ್ನು ಪಕ್ಕಕ್ಕೆ ಸರಿಸಿರುತ್ತಾಳೆ. ಬ್ಲೌಸ್ ಸಡಿಲವಿದ್ದ ಕಡೆ ಪಿನ್ನು ಚುಚ್ಚಿದ್ದರೂ ನಮಗೆ ಕಾಣುವುದಿಲ್ಲ. ನಾವಾದರೋ ಅದೇ ಬ್ಲೌಸ್ ತೊಟ್ಟು ಪಂಕ್ತಿಯಲ್ಲಿ ಬಡಿಸಬೇಕು, ಮಗುವನ್ನು ಎತ್ತಿಕೊಳ್ಳಬೇಕು, ಸ್ಕೂಟರ್ ಓಡಿಸಿಕೊಂಡು ಮನೆಗೆ ಬರಬೇಕು.

ಪಾಟ್ ನೆಕ್, ಎಲೆ ಆಕಾರ, ಡೈಮಂಡ್, ಮಟ್ಕಾ, ಕೀಹೋಲ್, ಡೀಪ್ ರೌಂಡ್, ಸಿಂಗಲ್ ಡೋರಿ, ಡಬಲ್ ಡೋರಿ ಎಂದು ಬೆನ್ನಿನ ವಿನ್ಯಾಸಗಳಿಗೆ ಹೆಸರುಗಳು ಲೆಕ್ಕವಿಲ್ಲದಷ್ಟಿವೆ. ಕತ್ತರಿ ಹಿಡಿದವರಿಗೆ ಮಾತ್ರ ಇವೆಲ್ಲ ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು. ಬೆನ್ನಿನ ಮೇಲ್ಭಾಗದ ಬಟ್ಟೆ ತೆಗೆದ ಮೇಲೆ ಎರಡು ಭುಜಗಳನ್ನು ಹಿಡಿದುಕೊಳ್ಳುವುದು ಯಾರು? ಕೀಹೋಲಿನಲ್ಲಿ ಬಟ್ಟೆಯ ಪಟ್ಟಿ ಹಿಡಿಯುತ್ತದೆ, ಡೋರಿಯಲ್ಲಿ ದಾರ ಹಿಡಿಯುತ್ತದೆ. ಡೀಪ್ ರೌಂಡಿನಲ್ಲಿ ಹಿಡಿಯುವವರು ಯಾರೂ ಇಲ್ಲ, ಅಲ್ಲಿ ಹೊಲಿಗೆಯ ಅಳತೆಯೇ ಎಲ್ಲ ಭಾರವನ್ನೂ ಹೊರಬೇಕು. ನೋಡಲು ಹೇಗೆ ಕಾಣುತ್ತದೆ ಅನ್ನುವುದೂ ಬಹುಮಟ್ಟಿಗೆ ಈ ಉತ್ತರದ ಮೇಲೆಯೇ ನಿಂತಿದೆ.

ನಮ್ಮ ಕಡೆಯ ಹಳೆಯ ಕುಪ್ಪಸಕ್ಕೆ ಈ ತಲೆನೋವು ಇರಲಿಲ್ಲ. ಇಳಕಲ್ ಸೀರೆಯ ಜೊತೆ ಗುಳೇದಗುಡ್ಡದ ಖಣದಲ್ಲಿ ಹೊಲಿಸುತ್ತಿದ್ದ ಕುಪ್ಪಸದ ಬೆನ್ನು ಪೂರ್ತಿ ಮುಚ್ಚಿರುತ್ತಿತ್ತು. ಮುಂದೆ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕಿದರೆ ಮುಗಿಯಿತು. ಎಷ್ಟು ಬಿಗಿ, ಎಷ್ಟು ಸಡಿಲ ಎಂಬುದೆಲ್ಲ ಆ ಗಂಟಿನಲ್ಲೇ ತೀರ್ಮಾನವಾಗುತ್ತಿತ್ತು. ಇದಕ್ಕೆ ತದ್ವಿರುದ್ಧವಾದದ್ದು ರಾಜಸ್ಥಾನದ ಕಾಂಚಳಿ ಮತ್ತು ಗುಜರಾತಿನ ಕಾಪಡು. ಅವುಗಳಲ್ಲಿ ಮುಂದೆ ಬಟ್ಟೆ, ಬೆನ್ನಿಗೆ ಬರೀ ದಾರ. ಇಂದಿನ ಡೋರಿ ಬ್ಲೌಸು ಅವುಗಳದೇ ಜಾಡಿನಲ್ಲಿ ಬಂದದ್ದು. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದಲ್ಲಿ ಮಾಧುರಿ ದೀಕ್ಷಿತ್ ತೊಟ್ಟ ನೇರಳೆ ಬಣ್ಣದ ಸೀರೆ ಮತ್ತು ಬೆನ್ನು ತೆರೆದ ಬ್ಲೌಸು ಮದುವೆ ಮನೆಗಳಿಗೆ ನುಗ್ಗಿದ ಮೇಲಂತೂ, ಬ್ಲೌಸಿನ ಹಿಂಭಾಗ ಎಂದರೆ ಸೀರೆಗೆ ಹೊಂದುವ ಬಟ್ಟೆಯಷ್ಟೇ ಅಲ್ಲ, ಅದಕ್ಕೂ ತನ್ನದೇ ಒಂದು ಡಿಸೈನು ಬೇಕು ಎಂಬ ಆಸೆ ಊರೂರಿಗೂ ಹಬ್ಬಿತು.

ಮೊದಲು ಡೀಪ್ ರೌಂಡನ್ನೇ ನೋಡೋಣ. ಎಲ್ಲರೂ ಕೇಳುವುದು ಅದನ್ನೇ, ಹೆಚ್ಚು ಕೆಡುವುದೂ ಅದೇ. ಬಾಗಿಲ ಚೌಕಟ್ಟಿನ ಮೇಲ್ಪಟ್ಟಿ ತೆಗೆದರೆ ಎರಡು ನಿಲುವುಗಳೂ ಅತ್ತಿತ್ತ ವಾಲುವ ಹಾಗೆ, ಬೆನ್ನಿನ ಮೇಲಿನ ಬಟ್ಟೆ ಹೋದೊಡನೆ ಬ್ಲೌಸಿನ ಎರಡು ಭುಜಪಟ್ಟಿಗಳೂ ಹೊರಗೆ ಸರಿಯತೊಡಗುತ್ತವೆ. ತೋಳಿನ ಭಾರ ಅವನ್ನು ಎಳೆಯುತ್ತದೆ, ಕೈ ಮುಂದೆ ಚಾಚಿದಾಗ ಇನ್ನಷ್ಟು ಎಳೆಯುತ್ತದೆ. ತೋಳಿಗೆ ಆರಿ ವರ್ಕ್ ಮಾಡಿಸಿ ಮಣಿ, ಜರದೋಸಿ ತುಂಬಿಸಿದ್ದರೆ ಕೇಳುವುದೇ ಬೇಡ. ಹತ್ತು ನಿಮಿಷಕ್ಕೊಮ್ಮೆ ಬಲಗೈ ಎಡಭುಜಕ್ಕೆ ಹೋಗಿ ಪಟ್ಟಿಯನ್ನು ಮೇಲಕ್ಕೆ ಎಳೆಯುವ ಹೆಂಗಸರನ್ನು ಯಾವ ರಿಸೆಪ್ಶನ್ನಿನಲ್ಲಿ ಬೇಕಾದರೂ ನೋಡಬಹುದು.

ಇನ್ನೊಂದು ತೊಂದರೆ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬೆನ್ನು ಚಪ್ಪಟೆ ಹಲಗೆಯಲ್ಲ. ಎರಡು ಕಡೆ ಹೆಗಲೆಲುಬು ಉಬ್ಬಿರುತ್ತದೆ, ನಡುವೆ ಬೆನ್ನುಹುರಿಯ ಗುಂಟ ತಗ್ಗು. ಮುಚ್ಚಿದ ಬೆನ್ನಿನ ಬ್ಲೌಸಿನಲ್ಲಿ ಬಟ್ಟೆ ಈ ತಗ್ಗಿನ ಮೇಲೆ ಸೇತುವೆಯಂತೆ ಹಾಯ್ದು ಹೋಗುವುದರಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ಆಳವಾಗಿ ಕತ್ತರಿಸಿದಾಗ ಅಂಚು ಹೆಗಲೆಲುಬಿನಿಂದ ತಗ್ಗಿಗೆ ಇಳಿದು ಮೈಗೆ ಕೂರಬೇಕು. ಪೇಪರಿನಲ್ಲಿ ಗೀಚಿದ ಅಂಚು ಮೈಗೆ ಬೇಕಾದುದಕ್ಕಿಂತ ಸ್ವಲ್ಪ ಉದ್ದವಾಗಿಯೇ ಇರುತ್ತದೆ, ಆ ಹೆಚ್ಚುವರಿ ಮೈಬಿಟ್ಟು ಎದ್ದು ನಿಲ್ಲುತ್ತದೆ. ಹಿಂದಿನಿಂದ ನೋಡಿದವರಿಗೆ ಬ್ಲೌಸಿನ ಒಳಗಿನ ಲೈನಿಂಗು, ಅದರೊಳಗಿನ ಬ್ರಾ ಪಟ್ಟಿ ಎಲ್ಲವೂ ಕಾಣುವುದು ಈ ಸಂದಿನಿಂದ. ಇದರ ಜೊತೆಗೆ ದುಂಡನೆಯ ಕತ್ತಿನ ಕೆಳಮೂಲೆಗಳಲ್ಲಿ ಬಟ್ಟೆ ಓರೆಯಾಗಿ ಕತ್ತರಿಸಲ್ಪಡುತ್ತದೆ. ಓರೆ ಕತ್ತರಿಸಿದ ಬಟ್ಟೆ ರಬ್ಬರಿನಂತೆ ಹಿಗ್ಗುತ್ತದೆ. ಹೊಲಿಯುವಾಗ ಸ್ವಲ್ಪ ಎಳೆದರೂ, ಇಸ್ತ್ರಿಯನ್ನು ಒತ್ತುವ ಬದಲು ಉಜ್ಜಿದರೂ ಅಂಚು ಬೆಳೆದುಬಿಡುತ್ತದೆ.

ಮೈಸೂರು ಸಿಲ್ಕಿನ ಬ್ಲೌಸ್ ಪೀಸ್ ತಂದವರಿಗೆ ಈ ಮಾತು ಇನ್ನೂ ಮುಖ್ಯ. ಅದು ಕ್ರೇಪ್. ನೂಲನ್ನು ಬಿಗಿಯಾಗಿ ಹುರಿಮಾಡಿ ನೇಯ್ದಿರುವುದರಿಂದ ಮೆತ್ತಗೆ ಬೀಳುತ್ತದೆ, ಕೈಯಲ್ಲಿ ಜಾರುತ್ತದೆ, ಎಳೆದರೆ ಹಿಗ್ಗುತ್ತದೆ. ಕಂಚಿ ರೇಷ್ಮೆ ದಪ್ಪ, ಗಟ್ಟಿ, ಕತ್ತರಿಸಿದ ಆಕಾರದಲ್ಲೇ ನಿಲ್ಲುತ್ತದೆ. ಒಂದೇ ಟೈಲರು, ಒಂದೇ ಅಳತೆ, ಒಂದೇ ಆಳವಿದ್ದರೂ ಕಂಚಿಯಲ್ಲಿ ಸರಿಯಾಗಿ ಕೂತ ಕತ್ತು ಮೈಸೂರು ಸಿಲ್ಕಿನಲ್ಲಿ ಜೋತುಬೀಳುವುದು ಇದರಿಂದಲೇ. ಕ್ರೇಪಿಗೆ ಕತ್ತಿನ ಸುತ್ತ ತೆಳುವಾದ ಕ್ಯಾನ್‌ವಾಸ್ ಅಂಟಿಸಲೇಬೇಕು, ಕಾಟನ್ ಲೈನಿಂಗನ್ನು ಮೊದಲು ಪಕ್ಕಾ ಹೊಂದಿಸಿ ಹೊಲಿದುಕೊಂಡೇ ಕತ್ತು ತಿರುವಬೇಕು.

ನನ್ನ ಅಕ್ಕನ ಮಗಳ ಬ್ಲೌಸಿನ ಕಥೆ ಹೇಳಿದರೆ ಇದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಅವಳ ಎದೆ ಸುತ್ತಳತೆ 36 ಇಂಚು, ಭುಜದಿಂದ ಭುಜಕ್ಕೆ 14, ಬ್ಲೌಸಿನ ಉದ್ದ ಹದಿನಾಲ್ಕೂವರೆ. ಸೀರೆ ಹಸಿರು ಮೈಸೂರು ಸಿಲ್ಕು. ಅವಳು ತೋರಿಸಿದ ಚಿತ್ರದಲ್ಲಿ ಹಿಂದಿನ ಕತ್ತು ಅಗಲವಾಗಿ, ಸುಮಾರು 12 ಇಂಚು ಆಳಕ್ಕೆ ಇಳಿದಿತ್ತು, ಭುಜಪಟ್ಟಿ ಎರಡೇ ಇಂಚು. ಹೊಲಿಯುವ ಅಕ್ಕ ಚಿತ್ರ ನೋಡಿ ಏನೂ ಹೇಳಲಿಲ್ಲ. ಟೇಪನ್ನು ಭುಜ ಮತ್ತು ಕುತ್ತಿಗೆ ಕೂಡುವ ಬಿಂದುವಿನಲ್ಲಿಟ್ಟು ನೇರ ಕೆಳಕ್ಕೆ ಬಿಟ್ಟು, ಬ್ರಾ ಪಟ್ಟಿಯ ಮೇಲಂಚು ಎಲ್ಲಿದೆಯೆಂದು ಬೆರಳಿಟ್ಟು ನೋಡಿದರು. ಹತ್ತೂ ಮುಕ್ಕಾಲು.

"ನೋಡಮ್ಮ, ಇಲ್ಲಿಗೇ ನಿನ್ನ ಆಳ ಮುಗೀತು. ಹತ್ತೂಕಾಲು ಇಡ್ತೀನಿ. ಬಗ್ಗಿದಾಗ ಕಾಣಬಾರದು ಅಂದ್ರೆ ಅರ್ಧ ಇಂಚು ಮುಚ್ಚಿಕೊಳ್ಳಲೇಬೇಕು."

"ಅಗಲ ಆದ್ರೂ ಹಂಗೇ ಇಡಿ ಆಂಟಿ."

"ಅಗಲ ಇಟ್ರೆ ನೀನು ಮದುವೆ ನೋಡಲ್ಲ, ಭುಜ ಎಳ್ಕೊಂಡೇ ಇರ್ತೀಯ."

ಆಮೇಲೆ ಅವರು ಹಾಕಿದ ಲೆಕ್ಕ ಹೀಗಿತ್ತು. ಹಿಂದಿನ ಕತ್ತು ಆಳವಾಗುವುದರಿಂದ ಭುಜದ 14 ಇಂಚನ್ನು 13ಕ್ಕೆ ಇಳಿಸಿದರು. ಪಟ್ಟಿ ಹೊರಗೆ ಸರಿಯುವುದು ಹೇಗೂ ಖಚಿತ, ಹಾಗಾಗಿ ಅದನ್ನು ಮೊದಲೇ ಅರ್ಧರ್ಧ ಇಂಚು ಒಳಗೆ ಕೂರಿಸುವ ಉಪಾಯ ಇದು. ಆ 13ರಲ್ಲಿ ಹುಡುಗಿ ಕೇಳಿದ ಹಾಗೆ ಎರಡೆರಡು ಇಂಚಿನ ಪಟ್ಟಿ ಇಟ್ಟರೆ ಕತ್ತಿನ ಅಗಲ 9 ಇಂಚಾಗುತ್ತದೆ, ಪಟ್ಟಿಗಳು ಭುಜದ ಇಳಿಜಾರಿನ ತುದಿಯಲ್ಲಿ ನಿಲ್ಲುತ್ತವೆ. ಮೂರು ಮೂರು ಇಂಚಿನ ಪಟ್ಟಿ ಇಟ್ಟರೆ ಅಗಲ 7 ಇಂಚು, ಪಟ್ಟಿ ಕುತ್ತಿಗೆಯ ಹತ್ತಿರ ಭದ್ರವಾಗಿ ಕೂರುತ್ತದೆ. ಅವರು ಎರಡನೆಯದನ್ನೇ ಆರಿಸಿದರು. ಮುಂದಿನ ಕತ್ತನ್ನು 6 ಇಂಚಿಗೆ ನಿಲ್ಲಿಸಿದರು. ಹಿಂದೆ ಹತ್ತು ದಾಟಿದ ಮೇಲೆ ಮುಂದೆಯೂ ಏಳು, ಎಂಟು ಎಂದು ಇಳಿಸಿದರೆ ಭುಜಪಟ್ಟಿಗೆ ಎರಡೂ ಕಡೆ ಆಸರೆ ತಪ್ಪುತ್ತದೆ. ಹಿಂದೆ ಡೀಪ್ ಬೇಕೆಂದರೆ ಮುಂದೆ ಬಿಡಬೇಕು, ಮುಂದೆ ಡೀಪ್ ಬೇಕೆಂದರೆ ಹಿಂದೆ ಬಿಡಬೇಕು. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ.

ಕಚ್ಚಾ ಹೊಲಿಗೆ ಹಾಕಿ ತೊಡಿಸಿದಾಗ, ನಿರೀಕ್ಷೆಯಂತೆ, ಹೆಗಲೆಲುಬಿನ ಎತ್ತರದಲ್ಲಿ ಅಂಚು ಎರಡೂ ಕಡೆ ಸ್ವಲ್ಪ ಎದ್ದು ನಿಂತಿತ್ತು. ಅವರು ಅಲ್ಲಿ ಕಾಲು ಕಾಲು ಇಂಚು ಚಿವುಟಿ ಪಿನ್ ಮಾಡಿದರು. ಆ ಚಿವುಟನ್ನು ಹಾಗೆಯೇ ಟಕ್ ಹಿಡಿದು ಹೊಲಿದರೆ ಬೆನ್ನಿನ ಮೇಲೆ ಗೆರೆ ಕಾಣುತ್ತದೆ. ಅದಕ್ಕೆ ಪೇಪರ್ ಕಟಿಂಗಿಗೆ ಹಿಂದಿರುಗಿ, ಕತ್ತಿನ ಅಂಚಿನಲ್ಲಿ ಕಾಲು ಇಂಚು ಮಡಚಿ ಕಂಕುಳ ಕಡೆ ಹೋಗುತ್ತಾ ಸೊನ್ನೆಗೆ ಇಳಿಸಿ, ಆ ಮಡಿಕೆಯ ಪ್ರಕಾರ ಬೆನ್ನಿನ ಭಾಗವನ್ನು ಮತ್ತೆ ಕತ್ತರಿಸಿದರು. ಕೊನೆಗೆ ಪೈಪಿಂಗ್ ಕೂರಿಸುವಾಗ ಓರೆ ಪಟ್ಟಿಯನ್ನು ಕೆಳಮೂಲೆಗಳಲ್ಲಿ ಮಾತ್ರ ತುಸು ಬಿಗಿಯಾಗಿ ಹಿಡಿದು ಹೊಲಿದರು. ತುಸು ಅಂದರೆ ತುಸುವೇ. ಹೆಚ್ಚು ಎಳೆದರೆ ಅಂಚು ನೆರಿಗೆಗಟ್ಟುತ್ತದೆ. ಹೊಲಿದು ಮುಗಿದ ಬ್ಲೌಸನ್ನು ಮೇಜಿನ ಮೇಲೆ ಹರವಿದಾಗ ಕತ್ತಿನ ಅಂಚು ಅಲೆ ಅಲೆಯಾಗಿ ನಿಂತರೆ ಹಿಗ್ಗಿದೆಯೆಂದು ಅರ್ಥ, ಸುಕ್ಕಾದರೆ ಎಳೆದಿದ್ದಾರೆಂದು ಅರ್ಥ. ತೊಡುವ ಮೊದಲೇ ಇದು ಗೊತ್ತಾಗುತ್ತದೆ.

ಚಿತ್ರದಲ್ಲಿದ್ದುದಕ್ಕಿಂತ ಎರಡು ಇಂಚು ಕಡಿಮೆ ಅಗಲ, ಹೆಚ್ಚುಕಡಿಮೆ ಎರಡು ಇಂಚು ಕಡಿಮೆ ಆಳ. ಹುಡುಗಿಯ ಮುಖ ಸ್ವಲ್ಪ ಸಣ್ಣದಾಗಿದ್ದು ನಿಜ. ಆದರೆ ತೊಟ್ಟು ನಿಂತಾಗ ಬೆನ್ನು ಚಿತ್ರದಲ್ಲಿದ್ದುದಕ್ಕಿಂತ ನೀಳವಾಗಿ ಕಂಡಿತು. ಅದಕ್ಕೆ ಕಾರಣವಿದೆ. ತೆರೆದ ಜಾಗ ಅಗಲಕ್ಕಿಂತ ಉದ್ದವಾಗಿದ್ದರೆ ಕಣ್ಣು ಮೇಲಿನಿಂದ ಕೆಳಕ್ಕೆ ಓಡುತ್ತದೆ, ಕುತ್ತಿಗೆಯೂ ಉದ್ದವೆನಿಸುತ್ತದೆ. ಅಗಲವೇ ಹೆಚ್ಚಾಗಿ, ಕತ್ತಿನ ತಳ ಹೆಗಲೆಲುಬಿನ ಮಟ್ಟದಲ್ಲೇ ನಿಂತುಬಿಟ್ಟರೆ ಬೆನ್ನಿನ ಅತ್ಯಂತ ಅಗಲವಾದ ಜಾಗಕ್ಕೆ ಅಡ್ಡಗೆರೆ ಎಳೆದ ಹಾಗಾಗುತ್ತದೆ. ಹಾಗಾಗಿ ನನಗೆ ಐದಾರು ಇಂಚಿನ ಅರೆಬರೆ ಆಳದ, ಅಗಲವಾದ ರೌಂಡ್ ನೆಕ್ಕು ಯಾರಿಗೂ ಒಪ್ಪುವುದೆಂದು ಅನಿಸುವುದಿಲ್ಲ. ಒಂದೋ ಮೂರು ಇಂಚಿಗೆ ನಿಲ್ಲಿಸಬೇಕು, ಇಲ್ಲ ಎಂಟು ದಾಟಿಸಬೇಕು.

ಡೀಪ್ ನೆಕ್ ತೊಟ್ಟರೆ ಬೆನ್ನಿನ ಮಾಂಸ ಉಬ್ಬಿ ಕಾಣುತ್ತದೆ ಎಂದು ಹೆದರುವವರಿಗೆ ಒಂದು ಮಾತು. ಉಬ್ಬು ಬರುವುದು ಆಳದಿಂದಲ್ಲ, ಕೆಳಗೆ ಉಳಿದ ಪಟ್ಟಿಯ ಬಿಗಿಯಿಂದ. ಹತ್ತು ಇಂಚು ಕತ್ತರಿಸಿದ ಮೇಲೆ ಹಿಂದೆ ಉಳಿಯುವುದು ನಾಲ್ಕು ಇಂಚಿನ ಬಟ್ಟೆ. ಇಡೀ ಬ್ಲೌಸಿನ ಹಿಡಿತ ಅಲ್ಲಿಗೆ ಬಂದುಬಿಡುವುದರಿಂದ ಟೈಲರುಗಳು ಅದನ್ನು ಬಿಗಿ ಮಾಡುವ ಆಸೆಗೆ ಬೀಳುತ್ತಾರೆ. ಬ್ಲೌಸಿನ ಕೆಳಗಿನಿಂದ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಹೋಗದಿದ್ದರೆ ಪಕ್ಕದ ಹೊಲಿಗೆ ಬಿಚ್ಚಿಸಿ.

ಕೀಹೋಲಿನ ಸಂಗತಿಯೇ ಬೇರೆ. ಅಲ್ಲಿ ಬೆನ್ನಿನ ಮೇಲ್ಭಾಗದಲ್ಲಿ, ಕತ್ತಿನ ಗುಂಟ, ಬಟ್ಟೆ ಹಾಗೆಯೇ ಇರುತ್ತದೆ. ಅದರ ಕೆಳಗೆ ಹನಿಯಾಕಾರದ ಒಂದು ತೆರಪು. ಮೇಲಿನ ಪಟ್ಟಿ ಎರಡು ಭುಜಗಳನ್ನೂ ಹಿಡಿದುಕೊಂಡಿರುವುದರಿಂದ ಕೆಳಗೆ ಎಷ್ಟು ತೆರೆದರೂ ಜಾರುವ ಭಯವಿಲ್ಲ. ಮುಂದೆ ಬೋಟ್ ನೆಕ್, ಹಿಂದೆ ಕೀಹೋಲ್ ಎಂಬ ಜೋಡಿ ಇಷ್ಟು ಜನಪ್ರಿಯವಾಗಿದ್ದರಲ್ಲಿ ಫ್ಯಾಷನ್ನಿನ ಪಾಲಿನಷ್ಟೇ ಈ ನೆಮ್ಮದಿಯ ಪಾಲೂ ಇದೆ. ಮೊದಲು ಹೇಳಿದ ಹುಡುಗಿಗೇ ಕೀಹೋಲ್ ಹೊಲಿದಿದ್ದರೆ ಭುಜದ 14 ಇಂಚಿನಲ್ಲಿ ಒಂದು ಕೂದಲೆಳೆಯಷ್ಟೂ ಕಡಿಮೆ ಮಾಡಬೇಕಿರಲಿಲ್ಲ. ಕತ್ತಿನ ಅಗಲ 9 ಇಂಚು, ಭುಜಪಟ್ಟಿ ಎರಡೂವರೆ ಎರಡೂವರೆ. ಹಿಂದೆ ಒಂದೂವರೆ ಇಂಚು ಇಳಿದ ಮೇಲೆ ಒಂದು ಇಂಚಿನ ಪಟ್ಟಿ, ಅದರ ಕೆಳಗೆ ಆರು ಇಂಚು ಉದ್ದ, ಮೂರೂವರೆ ಇಂಚು ಅಗಲದ ತೆರಪು. ಅದು ಮುಗಿದ ಮೇಲೂ ಇನ್ನೂ ಆರು ಇಂಚು ಬಟ್ಟೆ ಉಳಿಯುತ್ತಿತ್ತು. ಬ್ರಾ ಪಟ್ಟಿಯ ಚಿಂತೆಯೇ ಇಲ್ಲ.

ಕೀಹೋಲಿನ ಕಷ್ಟ ಇರುವುದು ತೊಡುವುದರಲ್ಲಿ. ಬೋಟ್ ನೆಕ್ಕಿಗೆ ಮುಂದೆ ಹುಕ್ಕು ಇಡಲಾಗುವುದಿಲ್ಲ, ಇಟ್ಟರೆ ಅದರ ಸೊಗಸೇ ಹೋಗುತ್ತದೆ. ಹಾಗಾಗಿ ಹುಕ್ಕುಗಳು ಬೆನ್ನಿಗೆ ಹೋಗುತ್ತವೆ. ತೆರಪಿನ ಕೆಳಗೆ ಮೂರು ನಾಲ್ಕು ಹುಕ್ಕು, ಮೇಲಿನ ಪಟ್ಟಿಗೆ ಒಂದು ಗುಂಡಿ. ಮನೆಯಲ್ಲಿ ಹಾಕಿಕೊಡಲು ಇನ್ನೊಬ್ಬರಿಲ್ಲದವರು, ಹಾಲೂಡಿಸುವ ತಾಯಂದಿರು, ಭುಜ ನೋವಿರುವ ಹಿರಿಯರು ಇದನ್ನು ಯೋಚಿಸಿಯೇ ಹೊಲಿಸಬೇಕು. ಮುಂದೆ ಸಾಧಾರಣ ಕತ್ತು, ಮುಂದೆಯೇ ಹುಕ್ಕು ಇಟ್ಟು, ಹಿಂದೆ ತೆರೆಯದ, ಬರೀ ಅಂದಕ್ಕಿರುವ ಕೀಹೋಲನ್ನೂ ಮಾಡಬಹುದು. ಟೈಲರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು ಅಷ್ಟೆ. ಇನ್ನು ಆ ಮೇಲಿನ ಒಂಟಿ ಗುಂಡಿಯ ಮೇಲೆ ಬೀಳುವ ಎಳೆತ ಸಾಮಾನ್ಯದ್ದಲ್ಲ. ಪೊಟ್ಲಿ ಗುಂಡಿ, ಬಟ್ಟೆಯ ಲೂಪು ನೋಡಲು ಚೆಂದ, ಆದರೆ ಲೂಪಿನ ಬುಡ ಬಟ್ಟೆಗೂ ಲೈನಿಂಗಿಗೂ ನಡುವೆ ಹೊಲಿಗೆಯೊಳಗೆ ಸಿಕ್ಕಿರಬೇಕು, ಪಕ್ಕದಲ್ಲಿ ಕಾಣದಂತೆ ಒಂದು ಹುಕ್ಕೂ ಇರಬೇಕು. ಅಂಚಿಗೆ ಮೇಲಿಂದ ಮೇಲೆ ಹೊಲಿದ ಲೂಪು ಊಟದ ಹೊತ್ತಿಗೆ ಕಿತ್ತುಬರುತ್ತದೆ.

ಬ್ಲೌಸಿನ ಅಳತೆ ಸರಿಯಿದೆಯೇ ಇಲ್ಲವೇ ಎಂದು ತಿಳಿಯಲು ಕೀಹೋಲಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಕತ್ತರಿಸಿದಾಗ ಹನಿಯಾಕಾರವಿದ್ದದ್ದು ತೊಟ್ಟಾಗ ಅಡ್ಡಡ್ಡ ಹಿಗ್ಗಿ ಗುಂಡಗಾದರೆ ಬೆನ್ನು ಬಿಗಿಯಾಗಿದೆ. ಅಂಚುಗಳು ಮೈಬಿಟ್ಟು ಬಾಯಿ ತೆರೆದಂತೆ ನಿಂತರೆ ಸಡಿಲವಾಗಿದೆ. ಅಂಚಿನ ಸುತ್ತ ಸಣ್ಣ ಸಣ್ಣ ಎಳೆತದ ಗೆರೆಗಳು ಕಂಡರೆ ಅದು ಮೈ ಅಳತೆಯ ತಪ್ಪಲ್ಲ, ಒಳಗೆ ತಿರುವುವ ಮೊದಲು ಹೊಲಿಗೆಯವರೆಗೂ ಕಚ್ಚು ಕೊಟ್ಟಿಲ್ಲವೆಂದು ಅರ್ಥ.

ನೋಟಕ್ಕೆ ಬಂದರೆ, ಬೋಟ್ ನೆಕ್ಕಿನ ಮೇಲಂಚು ಭುಜದಿಂದ ಭುಜಕ್ಕೆ ಎಳೆದ ಒಂದು ಅಡ್ಡಗೆರೆ. ಇಳಿಭುಜದವರಿಗೆ, ಸಪೂರ ಮೈಯವರಿಗೆ ಅದು ಒಂದು ಗತ್ತು ಕೊಡುತ್ತದೆ. ಕುತ್ತಿಗೆ ಗಿಡ್ಡವಿರುವವರಿಗೆ, ಭುಜ ಅಗಲವಿರುವವರಿಗೆ ಅದೇ ಗೆರೆ ಇದ್ದುದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಅಂಥವರು ಕೀಹೋಲೇ ಬೇಕೆಂದರೆ ಮೇಲಿನ ಕತ್ತನ್ನು ಒಂದೂವರೆಯ ಬದಲು ಮೂರು ಇಂಚಿಗೆ ಇಳಿಸಿ, ತೆರಪನ್ನು ಅಗಲ ಕಡಿಮೆ ಮಾಡಿ ಉದ್ದ ಮಾಡಿಸಬಹುದು.

ಡೋರಿಯೆಂದರೆ ಡೀಪ್ ರೌಂಡಿಗೆ ಹಾಕಿದ ಸೇತುವೆ. ಕತ್ತರಿಸಿ ತೆಗೆದ ಬಟ್ಟೆಯ ಕೆಲಸವನ್ನು ದಾರಕ್ಕೆ ವಹಿಸಿದ್ದೇವೆ ಎನ್ನುವುದನ್ನು ಮರೆತು, ಕುಚ್ಚು ನೇತುಹಾಕಲು ಒಂದು ನೆಪ ಎಂದುಕೊಂಡವರೇ ಹೆಚ್ಚು. ಮರೆತಿದ್ದಕ್ಕೆ ಸಾಕ್ಷಿ ಡೋರಿಯನ್ನು ಕೂರಿಸುವ ಜಾಗದಲ್ಲಿ ಸಿಗುತ್ತದೆ. ಭುಜದ ಹೊಲಿಗೆಯಿಂದ ಎರಡು, ಎರಡೂವರೆ ಇಂಚು ಕೆಳಗೆ ಇಟ್ಟರೆ ಅದು ಭುಜವನ್ನು ಹಿಡಿಯುತ್ತದೆ. ಚಿತ್ರದಲ್ಲಿ ಚೆಂದ ಕಂಡಿತೆಂದು ಐದಾರು ಇಂಚು ಕೆಳಗೆ, ಬೆನ್ನಿನ ನಡುಮಧ್ಯದಲ್ಲಿ ಇಟ್ಟರೆ ಭುಜ ಜಾರುವುದು ಜಾರುತ್ತಲೇ ಇರುತ್ತದೆ, ಡೋರಿ ತನ್ನ ಪಾಡಿಗೆ ತಾನು ಕಟ್ಟಿಕೊಂಡಿರುತ್ತದೆ. ಎರಡು ಡೋರಿ ಬೇಕೆಂದರೆ ಮೇಲಿನದು ಕೆಲಸಕ್ಕೆ, ಕೆಳಗಿನದು ಅಂದಕ್ಕೆ.

ಇನ್ನು ಎಷ್ಟು ಬಿಗಿ ಕಟ್ಟಬೇಕು? ಡೋರಿ ಕೂತ ಜಾಗದಲ್ಲಿ ಕತ್ತಿನ ಅಗಲ 6 ಇಂಚು ಇದ್ದರೆ ಗಂಟು ಹಾಕಿದ ಮೇಲೆ ಐದೂವರೆ ಆಗಬಹುದು, ಅಷ್ಟೇ. ಮೂರು ಇಂಚಿಗೆ ಎಳೆದು ಕಟ್ಟಿದರೆ ಅಂಚು ಮೂತಿಯ ಹಾಗೆ ಚೂಪಾಗಿ ಒಳಗೆ ಬರುತ್ತದೆ, ಅದರ ಕೆಳಗೆ ಬಟ್ಟೆ ಮಡಿಕೆ ಬೀಳುತ್ತದೆ, ದುಂಡಗೆ ಕತ್ತರಿಸಿದ್ದ ಕತ್ತು ಮಡಕೆಯ ಆಕಾರಕ್ಕೆ ತಿರುಗುತ್ತದೆ. ಹಾಗೆ ಎಳೆದು ಕಟ್ಟಬೇಕಾಗಿ ಬಂತೆಂದರೆ ಕತ್ತಿನ ಅಗಲವೇ ತಪ್ಪಾಗಿದೆ, ಡೋರಿ ಆ ತಪ್ಪನ್ನು ಮುಚ್ಚುತ್ತಿದೆ. ಕೂರಿಸುವ ಜಾಗದಲ್ಲಿ ಲೈನಿಂಗಿನೊಳಗೆ ರೂಪಾಯಿ ನಾಣ್ಯದಷ್ಟು ಕ್ಯಾನ್‌ವಾಸ್ ತುಂಡು ಇರಬೇಕು. ಇಲ್ಲದಿದ್ದರೆ ಮೆತ್ತಗಿನ ಕ್ರೇಪ್ ಒಂದೇ ಮದುವೆಗೆ ಎಳೆಬಿಡುತ್ತದೆ. ಡೋರಿಯನ್ನು ಮಾಡುವುದು ಬ್ಲೌಸ್ ಪೀಸಿನಲ್ಲಿ ಉಳಿದ ಚೂರಿನಿಂದ. ಒಂದು ಇಂಚಿಗೆ ಚೂರು ಹೆಚ್ಚು ಅಗಲದ ಓರೆ ಪಟ್ಟಿ ಕತ್ತರಿಸಿ, ಮಡಚಿ ಹೊಲಿದು, ಸೂಜಿದಾರದಿಂದ ಒಳಮೈ ಹೊರಗೆ ತಿರುವುತ್ತಾರೆ. ಹೂವಿನ ಗಂಟು ಹಾಕಲು ಒಂದೊಂದು ಕಡೆಗೂ ಹದಿಮೂರು ಹದಿನಾಲ್ಕು ಇಂಚಾದರೂ ಬೇಕು. ಸ್ಯಾಟಿನ್ ಡೋರಿ ಹೊಳೆಯುತ್ತದೆ, ಆದರೆ ಗಂಟು ನಿಲ್ಲುವುದಿಲ್ಲ. ಜಾಣ ಟೈಲರುಗಳು ಗಂಟನ್ನು ಖಾಯಮ್ಮಾಗಿ ಹೊಲಿದು, ಒಂದು ಪಕ್ಕಕ್ಕೆ ಹುಕ್ಕು ಕೊಟ್ಟುಬಿಡುತ್ತಾರೆ. ಕಟ್ಟುವ ರಗಳೆಯೂ ಇಲ್ಲ, ಬಿಚ್ಚಿಹೋಗುವ ಭಯವೂ ಇಲ್ಲ.

ಡೋರಿ ನೋಟವನ್ನು ಎರಡಾಗಿ ಒಡೆಯುತ್ತದೆ. ಉದ್ದವಾಗಿ ತೆರೆದ ಬೆನ್ನಿಗೆ ಮೇಲೊಂದು ಅಡ್ಡಗೆರೆ ಬೀಳುವುದರಿಂದ ಆಳ ಕಡಿಮೆಯೆನಿಸುತ್ತದೆ. ಹತ್ತು ಇಂಚಿನ ಕತ್ತು ತೊಡಲು ಸಂಕೋಚಪಡುವವರಿಗೆ ಇದೇ ಧೈರ್ಯ ಕೊಡುತ್ತದೆ. ಕುಚ್ಚುಗಳು ಕಣ್ಣನ್ನು ಸೊಂಟದ ಕಡೆ ಎಳೆಯುತ್ತವೆ, ಹಾಗಾಗಿ ಬೆನ್ನು ಗಿಡ್ಡವಿರುವವರಿಗೆ ಸಣ್ಣ ಕುಚ್ಚೇ ಒಳ್ಳೆಯದು. ಮಣಿ ತುಂಬಿದ ಭಾರದ ಕುಚ್ಚು ಕುರ್ಚಿಗೆ ಒರಗಿದಾಗ ಬೆನ್ನಿಗೆ ಒತ್ತುತ್ತದೆ, ಸೆರಗಿನ ಜರಿಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಫೋಟೋ ಹೇಳುವುದಿಲ್ಲ.

ಫೋಟೋ ಹೇಳದ ಇನ್ನೂ ಎರಡು ವಿಷಯಗಳಿವೆ. ಒಂದು ಸೆರಗು. ನಾವು ಸಾಮಾನ್ಯವಾಗಿ ಉಡುವ ರೀತಿಯಲ್ಲಿ ಸೆರಗು ಎಡಭುಜದ ಮೇಲಿಂದ ಹಿಂದೆ ಇಳಿಯುತ್ತದೆ. ನೆರಿಗೆ ಹಿಡಿದು ಪಿನ್ ಮಾಡಿದರೆ ಬೆನ್ನಿನ ಎಡಭಾಗ ಮುಚ್ಚಿ, ನಡುಭಾಗ ಮತ್ತು ಬಲಭಾಗ ಕಾಣುತ್ತದೆ. ಸೆರಗನ್ನು ಹಾಗೇ ಹರವಿಬಿಟ್ಟರೆ ಬೆನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಗುತ್ತದೆ. ಗುಜರಾತಿ ಶೈಲಿಯಲ್ಲಿ ಹಿಂದಿನಿಂದ ಬಲಭುಜದ ಮೇಲೆ ಮುಂದಕ್ಕೆ ತಂದರೂ ಬೆನ್ನಿನ ಡಿಸೈನಿಗೆ ಕೊಟ್ಟ ಹಣ ವ್ಯರ್ಥ. ಇನ್ನೊಂದು ಜಡೆ. ಮೊಗ್ಗಿನ ಜಡೆ ಹಾಕಿಸಿಕೊಳ್ಳುವ ಮದುಮಗಳ ಬೆನ್ನಿನ ನಡುವೆ ಕತ್ತಿನಿಂದ ಸೊಂಟದವರೆಗೆ ಹೂವೇ ಇರುತ್ತದೆ. ಮೂರೂವರೆ ಇಂಚು ಅಗಲದ ಕೀಹೋಲು ಆ ಜಡೆಯಡಿ ಮಾಯವಾಗುತ್ತದೆ, ಡೋರಿಯ ಗಂಟು ಹೂವಿಗೆ ಸಿಕ್ಕಿಕೊಳ್ಳುತ್ತದೆ. ಜಡೆಯ ಎರಡೂ ಪಕ್ಕಕ್ಕೆ ಮೈ ಕಾಣುವಷ್ಟು ಅಗಲವಿರುವ ಡೀಪ್ ರೌಂಡು, ಅಂಚಿಗೆ ವರ್ಕ್, ಇವು ಅಲ್ಲಿ ಗೆಲ್ಲುತ್ತವೆ. ಅದೇ ಮದುಮಗಳು ಸಂಜೆ ರಿಸೆಪ್ಶನ್ನಿಗೆ ತುರುಬು ಕಟ್ಟಿದರೆ ಕೀಹೋಲಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಟೆಂಪಲ್ ಜ್ಯುವೆಲರಿಯ ಹಾರ ಹಾಕುವವರು ಅದರ ಹಿಂದಿನ ದಾರ ಮತ್ತು ಕುಚ್ಚು ಎಲ್ಲಿ ಇಳಿಯುತ್ತದೆಂದೂ ನೋಡಬೇಕು. ಹಾರದ ಕುಚ್ಚೊಂದು, ಡೋರಿಯ ಕುಚ್ಚು ಎರಡು ಒಂದೇ ಬೆನ್ನಿನ ಮೇಲೆ ನೇತಾಡಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಟೈಲರಿಗೂ ನಮಗೂ ಜಗಳವಾಗುವುದು ಬಹಳ ಸಲ ಅಳತೆಯ ಭಾಷೆಯಿಂದ. ನಾವು ಆಳವನ್ನು ಕುತ್ತಿಗೆಯ ಹಿಂದಿನ ಮೂಳೆಯಿಂದ ಕೈಯಲ್ಲಿ ತೋರಿಸುತ್ತೇವೆ, ಅವರು ಭುಜದ ಮೇಲಿನಿಂದ ಟೇಪು ಹಿಡಿಯುತ್ತಾರೆ. ಎರಡಕ್ಕೂ ಅರ್ಧ, ಒಂದು ಇಂಚಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಅಂಚನ್ನು ಪೈಪಿಂಗಿನಲ್ಲಿ ಮುಗಿಸದೆ ಒಳಗೆ ತಿರುವಿದರೆ ಹೊಲಿಗೆಗೆ ಇನ್ನೊಂದು ಕಾಲು ಇಂಚು ಹೋಗಿ ಕತ್ತು ಅಷ್ಟು ದೊಡ್ಡದಾಗುತ್ತದೆ. ಹಾಗಾಗಿ ಬಾಯಲ್ಲಿ "ಸ್ವಲ್ಪ ಡೀಪ್" ಎನ್ನುವುದಕ್ಕಿಂತ, ನಿಮಗೆ ಸರಿಯಾಗಿ ಕೂರುವ ಹಳೆಯ ಬ್ಲೌಸಿನ ಹಿಂದಿನ ಕತ್ತನ್ನು ಭುಜದ ಹೊಲಿಗೆಯಿಂದ ನೇರ ಕೆಳಕ್ಕೆ ಅಳೆದು, ಅದಕ್ಕಿಂತ ಎಷ್ಟು ಹೆಚ್ಚು ಎಂದು ಇಂಚಿನಲ್ಲಿ ಹೇಳಿ. ಸೀರೆಯ ಜೊತೆ ತೊಡುವ ಬ್ರಾ ಹಾಕಿಕೊಂಡೇ ಅಳತೆ ಕೊಡಿ.

ಹೊಸ ಟೈಲರ್ ಹತ್ತಿರ ಹೋಗುತ್ತಿದ್ದರೆ, ಬೇಕಾದ ಆಳಕ್ಕಿಂತ ಒಂದು ಇಂಚು ಕಡಿಮೆಯೇ ಹೇಳಿ, ಅಂಚು ಮುಗಿಸುವ ಮೊದಲು ಟ್ರಯಲ್ ಕೇಳಿ. ತೊಟ್ಟು ನಿಂತರೆ ಸಾಲದು. ಮೇಲಿನ ಶೆಲ್ಫಿಗೆ ಕೈ ಚಾಚಿ, ಬಗ್ಗಿ, ಕುರ್ಚಿಯಲ್ಲಿ ಕೂತು, ಸ್ಕೂಟರ್ ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಮುಂದೆ ಮಾಡಿ ನೋಡಿ. ಸಾಲದೆನಿಸಿದರೆ ಇನ್ನೊಂದು ಇಂಚು ಇಳಿಸುವುದು ಸಣ್ಣ ಕೆಲಸ, ಇಳಿಸಿದ್ದನ್ನು ಏರಿಸಲು ಮಾತ್ರ ಬಟ್ಟೆ ಇರುವುದಿಲ್ಲ. ಆರಿ ವರ್ಕ್ ಮಾಡಿಸುವವರಿಗೆ ಈ ಅವಕಾಶವೂ ಇಲ್ಲ. ಅಲ್ಲಿ ಕತ್ತಿನ ಆಕಾರವನ್ನು ಬಟ್ಟೆಯ ಮೇಲೆ ಗುರುತು ಮಾಡಿ, ಕಟ್ಟಿಗೆ ಚೌಕಟ್ಟಿಗೆ ಬಿಗಿದು ಕಸೂತಿ ಮುಗಿಸಿದ ಮೇಲೆಯೇ ಕತ್ತರಿಸುವುದು. ಅಂಥವರು ಮೊದಲು ಅದೇ ಕತ್ತಿನ ಒಂದು ಸಾದಾ ಕಾಟನ್ ಬ್ಲೌಸು ಹೊಲಿಸಿ, ಒಂದು ದಿನ ತೊಟ್ಟು ಓಡಾಡಿ, ಆಮೇಲೆ ರೇಷ್ಮೆಯನ್ನು ವರ್ಕಿಗೆ ಕೊಡಿ.